ಖಾಲಿ ಕೋಣೆಯ ಅಣಬೆ: ಮೊದಲು ಗಿರಾಕಿ, ಆಮೇಲೆ ಚೀಲ

‘ಮನೆಯಲ್ಲೊಂದು ಕೋಣೆ ಸುಮ್ಮನೆ ಬಿದ್ದಿದೆ, ಅಣಬೆ ಬೆಳೆದರೆ ತಿಂಗಳಿಗೆ ಎಷ್ಟು ಉಳಿಯುತ್ತೆ?’ ಕುವೆಂಪುನಗರದ ನಮ್ಮ ಮನೆಯಲ್ಲಿ ಚಿಪ್ಪು ಅಣಬೆ ಬೆಳೆದು ಮಾರುವ ನನ್ನನ್ನು ಪರಿಚಯದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಉತ್ತರ ಕೋಣೆಯ ಅಳತೆಯಲ್ಲಿ ಇಲ್ಲ. ಕೊಯ್ದ ದಿನವೇ ಎಷ್ಟು ಪ್ಯಾಕೆಟ್ ಕೊಳ್ಳುವವರಿದ್ದಾರೆ ಎಂಬುದರಲ್ಲಿದೆ.

ಬೆಳೆಯುವ ವಿದ್ಯೆ ಮೈಸೂರಿಗೆ ಹೊಸದಲ್ಲ. ಭತ್ತದ ಹುಲ್ಲಿನ ಮೇಲೆ ಈ ಅಣಬೆ ಬೆಳೆಸುವ ಬಗ್ಗೆ ಇಲ್ಲಿನ ಸಿಎಫ್‌ಟಿಆರ್‌ಐನ ಜಕಿಯಾ ಬಾನೊ ಮತ್ತು ಶ್ರೀವಾಸ್ತವ 1962ರಲ್ಲೇ ಬರೆದಿದ್ದರು. ಇವತ್ತಿಗೂ ಕ್ರಮ ಹೆಚ್ಚು ಬದಲಾಗಿಲ್ಲ. ಮಳೆಗೆ ನೆನೆಯದ, ಬಂಗಾರದ ಬಣ್ಣದ ಹೊಸ ಹುಲ್ಲನ್ನು ಎರಡು ಅಂಗುಲಕ್ಕೆ ಕತ್ತರಿಸಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಬಸಿದು, ನೆರಳಲ್ಲಿ ಹರಡಬೇಕು. ಹಿಡಿ ಹುಲ್ಲನ್ನು ಗಟ್ಟಿಯಾಗಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಆಗ ಪಾಲಿಥಿನ್ ಚೀಲಕ್ಕೆ ಒಂದು ಪದರ ಹುಲ್ಲು, ಅಂಚಿನ ಸುತ್ತ ಅಣಬೆ ಬೀಜ, ಮತ್ತೆ ಹುಲ್ಲು ಹೀಗೆ ತುಂಬಿ ಬಾಯಿ ಕಟ್ಟಿ ಸಣ್ಣ ತೂತು ಮಾಡುವುದು. ಒಂದು ಕಿಲೋ ಒಣಹುಲ್ಲಿಗೆ 100 ಗ್ರಾಂ ಬೀಜ ಸಾಕು. ಬೀಜವೂ ತರಬೇತಿಯೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತವೆ.

ಮೊದಲ ಮೂರು ವಾರ ಚೀಲಕ್ಕೆ ಕತ್ತಲು ಬೇಕು. ನಮ್ಮಲ್ಲಿ ಮೆಟ್ಟಿಲ ಕೆಳಗಿನ ಜಾಗ ಇದಕ್ಕೆ ಒದಗಿದೆ. ಬಿಳಿ ಬೂಸಲು ಹುಲ್ಲನ್ನು ಪೂರ್ತಿ ಆವರಿಸಿದ ಮೇಲೆ ಚೀಲ ಸೀಳಿ ಬೆಳೆ ಕೋಣೆಯಲ್ಲಿ ಹಗ್ಗಕ್ಕೆ ತೂಗುಹಾಕುತ್ತೇನೆ. ಸುಮಾರು ಒಂದು ವಾರಕ್ಕೆ ಮೊದಲ ಕೊಯ್ಲು, ಆಮೇಲೆ ಎಂಟು ಹತ್ತು ದಿನದ ಅಂತರದಲ್ಲಿ ಇನ್ನೆರಡು. ನಡುವೆ ಎಲ್ಲಾದರೂ ಹಸಿರು ಬೂಸಲು ಕಂಡರೆ ಅದು ಬೇರೆ ಶಿಲೀಂಧ್ರ. ಆ ಚೀಲವನ್ನು ಒಳಗೆ ಬಿಚ್ಚದೆ ಹಾಗೆಯೇ ಹೊರಗೆ ಸಾಗಿಸಬೇಕು.

ತೇವದ ವಿಷಯ ಅಷ್ಟು ಸುಲಭವಲ್ಲ. ಕಾಯಿಡುವ ಹಂತದಲ್ಲಿ ಕೋಣೆಯ ಗಾಳಿಯಲ್ಲಿ ಶೇ 80ರಿಂದ 90ರಷ್ಟು ತೇವಾಂಶ, 20ರಿಂದ 28 ಡಿಗ್ರಿ ಉಷ್ಣಾಂಶ ಇರಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಮೈಸೂರಿನ ಹವೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ 34, 35 ಡಿಗ್ರಿ ಮುಟ್ಟಿ ಗಾಳಿ ಒಣಗುತ್ತದೆ. ಗೋಡೆಗೆ ಒದ್ದೆ ಗೋಣಿತಾಟು ಕಟ್ಟಿ, ನೆಲದ ಮರಳಿಗೆ ನೀರು ಚಿಮುಕಿಸಿದರೂ ತೊಡಕು ಉಳಿಯುತ್ತದೆ. ಕಿಟಕಿ ತೆರೆದರೆ ತೇವ ಹೋಗುತ್ತದೆ, ಮುಚ್ಚಿದರೆ ಅಣಬೆ ತಾನೇ ಬಿಡುವ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಯಾವುದು ಕೆಟ್ಟಿದೆ ಎಂಬುದನ್ನು ಅಣಬೆಯೇ ತೋರಿಸುತ್ತದೆ. ಕಾಂಡ ಉದ್ದವಾಗಿ ಕೊಡೆ ಚಿಕ್ಕದಾದರೆ ಗಾಳಿ ಸಾಲದು. ಅಂಚು ಒಣಗಿ ಸೀಳಿದರೆ ತೇವ ಸಾಲದು. ಹಳದಿ ಕಲೆಯೂ ಲೋಳೆಯೂ ಬಂದರೆ ನೀರು ಅಣಬೆಯ ಮೇಲೆಯೇ ನಿಂತಿದೆ ಎಂದರ್ಥ. ನೂರೈವತ್ತು ಇನ್ನೂರು ರೂಪಾಯಿಯ ತೇವಮಾಪಕ ಮೊದಲ ದಿನವೇ ಕೊಳ್ಳಬೇಕಾದ ವಸ್ತು. ನೆತ್ತಿಗೆ ಬಿಸಿಲು ಬೀಳುವ ಮಹಡಿ ಕೋಣೆ, ಶೀಟಿನ ಕೋಣೆ ಬೇಸಿಗೆಗೆ ಆಗಿಬರುವುದಿಲ್ಲ. ನಾನು ಆ ಎರಡು ತಿಂಗಳು ಚೀಲ ಕಟ್ಟುವುದನ್ನೇ ನಿಲ್ಲಿಸುತ್ತೇನೆ.

ಇನ್ನೊಂದು ಮಿತಿ ಮನೆಯವರ ಉಸಿರಿನದು. ಬಲಿತ ಚಿಪ್ಪು ಅಣಬೆ ಬಿಳಿ ಪುಡಿಯಂತೆ ಬೀಜಕಣಗಳನ್ನು ಉದುರಿಸುತ್ತದೆ. ಕೆಲವರಿಗೆ ಅದರಿಂದ ಕೆಮ್ಮು, ಅಲರ್ಜಿ ಬರುತ್ತದೆ. ಕೊಡೆಯ ಅಂಚು ಮೇಲಕ್ಕೆ ಮಗುಚುವ ಮೊದಲೇ ಕೊಯ್ಯಬೇಕು, ಮಾಸ್ಕ್ ಹಾಕಿಕೊಂಡೇ ಒಳಗೆ ಹೋಗಬೇಕು. ಆಸ್ತಮಾ ಇರುವವರ ಮಲಗುವ ಕೋಣೆಗೆ ಬಾಗಿಲು ಹೊಂದಿಕೊಂಡ ಜಾಗ ಇದಕ್ಕೆ ಬೇಡ.

ಇನ್ನು ದುಡ್ಡಿನ ಮಾತು. ಹತ್ತಡಿಗೆ ಹನ್ನೆರಡಡಿಯ ನಮ್ಮ ಕೋಣೆಗೆ ಇನ್ನೂ ಹೆಚ್ಚು ಚೀಲ ಹಿಡಿಯುತ್ತವೆ. ನಾನು ಕಟ್ಟುವುದು ವಾರಕ್ಕೆ 12 ಮಾತ್ರ. ಹುಲ್ಲು 12 ರೂಪಾಯಿ, ಬೀಜ 12, ಚೀಲ ಮತ್ತು ದಾರ 5, ಗ್ಯಾಸ್ 8, ಮೂರು ಪ್ಯಾಕಿಂಗ್ ಡಬ್ಬಿಗೆ 12. ಅಂದರೆ ಚೀಲಕ್ಕೆ ಹೆಚ್ಚುಕಡಿಮೆ 50 ರೂಪಾಯಿ, ವಾರಕ್ಕೆ 600. ಹನ್ನೆರಡರಲ್ಲಿ ಒಂದು ಹಸಿರು ಬೂಸಲಿಗೆ ಹೋಯಿತೆಂದು ಹಿಡಿಯಿರಿ. ಉಳಿದ 11 ಚೀಲ ಮೂರು ಕೊಯ್ಲಿನಲ್ಲಿ ತಲಾ 600 ಗ್ರಾಂ ಕೊಟ್ಟರೆ 200 ಗ್ರಾಮಿನ 33 ಪ್ಯಾಕೆಟ್. ಅದರಲ್ಲಿ 28 ಪ್ಯಾಕೆಟ್ 50 ರೂಪಾಯಿಯಂತೆ ಹೋದರೆ 1,400. ಖರ್ಚು ಕಳೆದು ವಾರಕ್ಕೆ 800, ಕರೆಂಟು ನೀರು ತೆಗೆದು ತಿಂಗಳಿಗೆ ಸುಮಾರು 3,000. ದಿನಕ್ಕೆ ಒಂದೂವರೆ ಗಂಟೆಯ ನನ್ನ ದುಡಿಮೆಗೆ ಈ ಲೆಕ್ಕದಲ್ಲಿ ಕೂಲಿ ಇಲ್ಲ, ಕೋಣೆಗೆ ಬಾಡಿಗೆಯೂ ಇಲ್ಲ. ಅದೇ ಪ್ಯಾಕೆಟ್ಟನ್ನು ಅಂಗಡಿಗೆ 38 ರೂಪಾಯಿಗೆ ಹಾಕಿದರೆ ವಾರದ ಉಳಿಕೆ 500ಕ್ಕೂ ಕೆಳಗೆ ಇಳಿಯುತ್ತದೆ.

‘ಹಾಗಾದರೆ ಮೂರು ಪಟ್ಟು ಬೆಳೆಯಿರಿ’ ಎನ್ನುವವರಿದ್ದಾರೆ. ಚಿಪ್ಪು ಅಣಬೆ ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ನಾಲ್ಕೈದು ದಿನ ಬಾಳುತ್ತದೆ. ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವುದು ಬಿಳಿ ಗುಂಡನೆಯ ಬಟನ್ ಅಣಬೆಯನ್ನು. ಜೊತೆಗೆ ನಮ್ಮ ಊರಿನ ಪಂಚಾಂಗ ಬೇರೆ: ಎಷ್ಟೋ ಮನೆಗಳಲ್ಲಿ ಸೋಮವಾರ, ಶನಿವಾರ, ಏಕಾದಶಿಗೆ ಅಣಬೆ ಒಲೆ ಹತ್ತುವುದಿಲ್ಲ, ಕೆಲವರು ಈರುಳ್ಳಿ ಬೆಳ್ಳುಳ್ಳಿಯ ಜೊತೆಗೇ ಅದನ್ನೂ ದೂರವಿಡುತ್ತಾರೆ. ಶ್ರಾವಣ, ನವರಾತ್ರಿ, ಕಾರ್ತಿಕ ಬರುವುದು ಬೆಳೆ ಚೆನ್ನಾಗಿ ಬರುವ ತಿಂಗಳುಗಳಲ್ಲೇ. ಹೀಗಾಗಿ ಕೋಣೆ ಹೆಚ್ಚು ಕೊಡುವಾಗ ಊರು ಕಡಿಮೆ ಕೊಳ್ಳುತ್ತದೆ. ಮಿಕ್ಕಿದ್ದನ್ನು ಒಣಗಿಸೋಣವೆಂದರೆ ಹತ್ತು ಕಿಲೋ ಹಸಿ ಅಣಬೆ ಒಂದು ಕಿಲೋ ಆಗುತ್ತದೆ. ಅದಕ್ಕೆ ಹತ್ತು ಪಟ್ಟು ಬೆಲೆ ಕೊಟ್ಟು ಕೊಳ್ಳುವವರು ನಮ್ಮ ಬಡಾವಣೆಯಲ್ಲಿ ನನಗಂತೂ ಸಿಕ್ಕಿಲ್ಲ.

ಇದಕ್ಕೆ ನಾನು ಮಾಡಿಕೊಂಡ ಉಪಾಯ ದಿನ ಹೊಂದಿಸುವುದು. ನನ್ನ ಗಿರಾಕಿಗಳು ಭಾನುವಾರದವರು. ಹಿಂದಿನ ಶನಿವಾರ ಸೀಳಿದ ಚೀಲ ಸಾಮಾನ್ಯವಾಗಿ ಭಾನುವಾರದ ಬೆಳಗಿನ ಕೊಯ್ಲಿಗೆ ಬರುತ್ತದೆ. ಶುಕ್ರವಾರವೇ ವಾಟ್ಸಾಪ್‌ನಲ್ಲಿ ಬೇಡಿಕೆ ಕೇಳಿ, ಬಂದಷ್ಟನ್ನೇ ಡಬ್ಬಿಗೆ ಹಾಕುತ್ತೇನೆ. ಹಬ್ಬದ ವಾರ ಹೊಸ ಚೀಲ ಸೀಳುವುದಿಲ್ಲ.

ನನ್ನ ತೀರ್ಮಾನ ಇಷ್ಟು. ಕೋಣೆ ಸ್ವಂತದ್ದಾಗಿದ್ದು, ಬಾಡಿಗೆಗೆ ಹೋಗದಂಥದ್ದಾಗಿದ್ದು, ಮನೆಯಲ್ಲೇ ಇರುವವರಿಗೆ ಇದು ಗ್ಯಾಸು, ತರಕಾರಿಯ ಖರ್ಚು ನೀಗಿಸುವ ಆದಾಯ. ಕೋಣೆಯನ್ನು ಬಾಡಿಗೆಗೆ ಹಿಡಿದು ಮಾಡುವವರಿಗೆ ಈ ಅಳತೆಯಲ್ಲಿ ಏನೂ ಉಳಿಯದು. ‘ಕಿಟ್ ಕೊಳ್ಳಿ, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ಮೊದಲು ನಾಲ್ಕು ಚೀಲ ಕಟ್ಟಿ, ವಾರವೂ ತಪ್ಪದೆ ಕೊಳ್ಳುವ ಇಪ್ಪತ್ತು ಮನೆಗಳ ಪಟ್ಟಿ ಕೈಗೆ ಬಂದ ಮೇಲೆ ಐದನೆಯದನ್ನು ಕಟ್ಟಿ.