ಶೇ. 5 ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಇಂಟರ್ನಲ್ ಪರೀಕ್ಷೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಹಣದ ಬೇಡಿಕೆ L = 0.5Y − 100i. ರಾಷ್ಟ್ರೀಯ ಆದಾಯ Y = 2400, ಹಣದ ಪೂರೈಕೆ M = 840, ಬೆಲೆ ಮಟ್ಟ P = 1.2. ಸಮತೋಲನ ಬಡ್ಡಿ ದರ ಎಷ್ಟು? ನನಗೆ 3.6 ಬಂತು. ಗೈಡಿನಲ್ಲಿ 5 ಎಂದಿದೆ. ನನ್ನ ಗೆಳತಿ 0.05 ಎಂದು ಬರೆದಿದ್ದಾಳೆ. ಮೂವರಲ್ಲಿ ಯಾರು ಸರಿ ಸರ್?
— ಬಿ.ಎ. ವಿದ್ಯಾರ್ಥಿನಿ, ಹಾವೇರಿ

ಉತ್ತರ: ಗೈಡ್ ಸರಿ. ನೀವಿಬ್ಬರೂ ಬೇರೆ ಬೇರೆ ಕಡೆ ತಪ್ಪಿದ್ದೀರಿ. ಪ್ರತಿ ವರ್ಷ ಮೌಲ್ಯಮಾಪನದಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಈ ಎರಡೇ ತಪ್ಪುಗಳು. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

L ಎಂದರೆ ಜನ ಕೈಯಲ್ಲಿ ಮತ್ತು ಚಾಲ್ತಿ ಖಾತೆಯಲ್ಲಿ ಇಟ್ಟುಕೊಳ್ಳಬಯಸುವ ಹಣ. ಅದನ್ನು ಇಲ್ಲಿ ಅಳೆದಿರುವುದು ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ. ನೋಟುಗಳ ಮೇಲೆ ಅಚ್ಚಾದ ಮೊತ್ತದಲ್ಲಲ್ಲ. ಬೆಲೆಗಳೆಲ್ಲ ಒಂದೂಕಾಲು ಪಟ್ಟಾದರೆ ಅದೇ ದಿನಸಿ, ಅದೇ ಬಾಡಿಗೆಗೆ ಒಂದೂಕಾಲು ಪಟ್ಟು ರೂಪಾಯಿ ಬೇಕು. ಆದರೆ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಬೇಡಿಕೆ ಬದಲಾಗಿಲ್ಲ. ಬೇಡಿಕೆಯನ್ನು ಹೀಗೆ ಅಳೆದ ಮೇಲೆ ಪೂರೈಕೆಯನ್ನೂ ಹಾಗೆಯೇ ಅಳೆಯಬೇಕು. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ M ಅನ್ನು P ಯಿಂದ ಭಾಗಿಸುವುದು: 840 ÷ 1.2 = 700. ಇದು ನೈಜ ಹಣದ ಪೂರೈಕೆ. ಉಳಿದದ್ದು ಎರಡು ಸಾಲು.

```
0.5 × 2400 − 100i = 700
1200 − 100i = 700
i = 500 ÷ 100 = 5
```

ನೀವು 700ರ ಜಾಗದಲ್ಲಿ 840 ಅನ್ನೇ ಇಟ್ಟಿದ್ದೀರಿ. ಅದಕ್ಕೇ 3.6 ಬಂದಿದೆ. ಈ ತಪ್ಪನ್ನು ಹಿಡಿಯಲು ಉತ್ತರವನ್ನು ತಿರುಗಿಸಿ ಸಮೀಕರಣಕ್ಕೆ ಹಾಕಿ ನೋಡಿ. ಬಡ್ಡಿ 3.6 ಆದರೆ ಬೇಡಿಕೆ 1200 − 360 = 840. ನೈಜ ಪೂರೈಕೆ ಇರುವುದು 700. ಅಂದರೆ 140ರಷ್ಟು ಹಣಕ್ಕೆ ಕೊರತೆ. ಕೊರತೆ ಇದ್ದ ಕಡೆ ಸಮತೋಲನ ಇರಲು ಸಾಧ್ಯವಿಲ್ಲ.

ಗೆಳತಿಯ ತಪ್ಪು ಇನ್ನೂ ಸೂಕ್ಷ್ಮ. ಶೇ. 5 ಎಂದರೂ 0.05 ಎಂದರೂ ಒಂದೇ ಎಂಬುದು ನಿಜ. ಆದರೆ ಈ ಸಮೀಕರಣದಲ್ಲಿ i = 0.05 ಎಂದು ಹಾಕಿದರೆ ಬೇಡಿಕೆ 1200 − 5 = 1195 ಆಗುತ್ತದೆ, 700 ಆಗುವುದಿಲ್ಲ. ಇಲ್ಲಿರುವ 100 ಎಂಬ ಸಂಖ್ಯೆ ಶೇಕಡಾ ಲೆಕ್ಕಕ್ಕೆ ಹೊಂದಿಸಿದ್ದು. ಬಡ್ಡಿ ಶೇ. 5ರಿಂದ 6ಕ್ಕೆ ಏರಿದರೆ ಬೇಡಿಕೆ 100 ಇಳಿಯುತ್ತದೆ ಎಂಬುದೇ ಅದರ ಅರ್ಥ. ದಶಮಾಂಶದಲ್ಲಿ ಬರೆಯಬೇಕೆಂದಿದ್ದರೆ ಅದೇ ಸಂಬಂಧ 0.5Y − 10000i ಎಂದಾಗಬೇಕಿತ್ತು. ಆಗ 0.05 ಸರಿಯಾದ ಉತ್ತರವೇ.

ಪ್ರಶ್ನೆಪತ್ರಿಕೆಯಲ್ಲಿ i ಶೇಕಡಾದಲ್ಲಿದೆಯೋ ದಶಮಾಂಶದಲ್ಲಿದೆಯೋ ಎಂದು ಹೇಳದೇ ಇದ್ದರೆ ಹೀಗೆ ಪರೀಕ್ಷಿಸಿ. 100 ಎಂಬುದನ್ನು ದಶಮಾಂಶದ ಲೆಕ್ಕ ಎಂದುಕೊಂಡರೆ i = 5 ಎಂಬ ಉತ್ತರಕ್ಕೆ ಶೇ. 500 ಬಡ್ಡಿ ಎಂದು ಅರ್ಥ ಬರುತ್ತದೆ. ಅಂಥ ದೇಶ ನಿಮ್ಮ ಲೆಕ್ಕದಲ್ಲಿ ಇರಲಾರದು. ಪ್ರಶ್ನೆ ತೆಗೆಯುವವರು ಈ ಒಂದು ಪದವನ್ನು ಬಿಡಬಾರದು. ಬಿಟ್ಟಿದ್ದರೆ ಉತ್ತರದ ಮೊದಲ ಸಾಲಿನಲ್ಲೇ "i ಶೇಕಡಾದಲ್ಲಿದೆ ಎಂದು ಭಾವಿಸಿದೆ" ಎಂದು ನೀವೇ ಬರೆದುಬಿಡಿ.

ಪ್ರಶ್ನೆ: ಪಿಯುಸಿಗೆ ಪಾಠ ಮಾಡುತ್ತೇನೆ. ಬೇಡಿಕೆಯ ಗೆರೆ ಇಳಿಯುತ್ತದೆ, ಪೂರೈಕೆಯ ಗೆರೆ ನೆಟ್ಟಗಿದೆ, ಎರಡೂ ಕೂಡುವಲ್ಲಿ ಬಡ್ಡಿ ಎಂದು ಚಿತ್ರ ಬಿಡಿಸುತ್ತೇನೆ. ಒಬ್ಬ ಹುಡುಗ ಎದ್ದು, "ಬಡ್ಡಿ ಶೇ. 8 ಇದ್ದರೆ ಏನು ತೊಂದರೆ ಮೇಡಂ? ಬ್ಯಾಂಕಿನವರು ಅಷ್ಟಕ್ಕೇ ನಿಲ್ಲಿಸಬಹುದಲ್ಲ?" ಎಂದ. ಚಿತ್ರ ತೋರಿಸಿ ಸುಮ್ಮನಾಗಿಸಿದೆ. ಅವನಿಗೂ ಸಮಾಧಾನ ಆಗಲಿಲ್ಲ, ನನಗೂ ಇಲ್ಲ.
— ಉಪನ್ಯಾಸಕಿ, ಸಿರಸಿ

ಉತ್ತರ: ಹುಡುಗ ಕೇಳಿದ್ದು ವಿಷಯದ ಹೃದಯವನ್ನೇ. 1936ರಲ್ಲಿ ಕೇನ್ಸ್ ಉತ್ತರಿಸಲು ಹೊರಟದ್ದೂ ಇದಕ್ಕೇ. ಅವರ ವಾದದಲ್ಲಿ ಜನರ ಸಂಪತ್ತಿಗೆ ಎರಡೇ ರೂಪ. ಒಂದು ಬಡ್ಡಿ ತರದ ಹಣ, ಇನ್ನೊಂದು ಬಡ್ಡಿ ತರುವ ಬಾಂಡ್. ಚಿತ್ರದಲ್ಲಿ ಕಾಣುವುದು ಹಣ ಮಾತ್ರ. ಬಾಂಡ್ ಮರೆಯಲ್ಲಿದೆ. ಅದನ್ನು ಬೋರ್ಡಿನ ಮೇಲೆ ತಂದರೆ ಗೊಂದಲ ಹೋಗುತ್ತದೆ.

ಮೇಲಿನ ಹಾವೇರಿಯ ಲೆಕ್ಕವನ್ನೇ ಹಿಡಿಯೋಣ. ಒಂದು ವರ್ಷದ ನಂತರ ₹100 ಕೊಡುವ ಬಾಂಡ್ ಇದೆ ಎನ್ನಿ. ಬಡ್ಡಿ ಶೇ. 8 ಎಂದರೆ ಅದು ಇಂದು 100 ÷ 1.08, ಅಂದರೆ ₹92.59ಕ್ಕೆ ಸಿಗುತ್ತಿದೆ ಎಂದರ್ಥ. ಆ ದರದಲ್ಲಿ ಜನ ಇಟ್ಟುಕೊಳ್ಳಬಯಸುವ ಹಣ 1200 − 800 = 400. ಆದರೆ ದೇಶದಲ್ಲಿ 700 ಇದೆ. 300ರಷ್ಟು ಹಣ ಬೇಡದವರ ಕೈಯಲ್ಲಿ ಕೂತಿದೆ.

ಅವರು ಏನು ಮಾಡುತ್ತಾರೆ? ಬಾಂಡ್ ಕೊಳ್ಳಲು ಹೊರಡುತ್ತಾರೆ. ಇಲ್ಲಿ ಹುಡುಗನಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಾನು ಹಣ ಕೊಟ್ಟು ಬಾಂಡ್ ಕೊಂಡರೆ ನನ್ನ ಹಣ ಮಾರಿದವನ ಕೈ ಸೇರುತ್ತದೆ, ದೇಶದಿಂದ ಮಾಯವಾಗುವುದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹಣವನ್ನು ದಾಟಿಸಬಹುದು. ಎಲ್ಲರೂ ಸೇರಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಲಾರರು. 700 ಇದ್ದದ್ದು 700ರಲ್ಲೇ ಇರುತ್ತದೆ. ಹಾಗಾದರೆ ಬದಲಾಗುವುದು ಏನು? ಬಾಂಡಿನ ಬೆಲೆ. ಕೊಳ್ಳುವವರ ಪೈಪೋಟಿಯಲ್ಲಿ ₹92.59 ಮೇಲೇರುತ್ತದೆ. ₹93.46ಕ್ಕೆ ಬಂದಾಗ ಬಡ್ಡಿ ಶೇ. 7, ₹94.34ಕ್ಕೆ ಬಂದಾಗ ಶೇ. 6. ಬೆಲೆ ಏರಿದಂತೆ ಬಾಂಡಿನಿಂದ ಸಿಗುವ ಲಾಭ ಕುಗ್ಗುತ್ತದೆ, ಹಣವನ್ನು ಹಾಗೇ ಇಟ್ಟುಕೊಂಡರೂ ನಡೆದೀತು ಎನ್ನುವವರು ಹೆಚ್ಚುತ್ತಾರೆ. ₹95.24ರಲ್ಲಿ ಬಡ್ಡಿ ಶೇ. 5. ಅಲ್ಲಿ ಜನ ಬಯಸುವ ಹಣವೂ 700, ಇರುವ ಹಣವೂ 700. ಇನ್ನು ಯಾರಿಗೂ ಬೆಲೆ ಏರಿಸುವ ಅವಸರ ಇಲ್ಲ.

ಕೆಳಗಿನಿಂದಲೂ ಹೀಗೆಯೇ. ಬಡ್ಡಿ ಶೇ. 3 ಇದ್ದರೆ ಬಾಂಡಿನ ಬೆಲೆ ₹97.09. ಆಗ ಜನರಿಗೆ 900 ಹಣ ಬೇಕು, ಇರುವುದು 700. ಬಾಂಡ್ ಮಾರಿ ಹಣ ಮಾಡಿಕೊಳ್ಳಲು ಎಲ್ಲರೂ ಮುಗಿಬಿದ್ದಾಗ ಬೆಲೆ ₹95.24ಕ್ಕೆ ಇಳಿಯುತ್ತದೆ, ಬಡ್ಡಿ ಏರುತ್ತದೆ.

ಆದ್ದರಿಂದ "ಬ್ಯಾಂಕಿನವರು ಶೇ. 8ಕ್ಕೆ ನಿಲ್ಲಿಸಬಹುದಲ್ಲ" ಎಂಬುದಕ್ಕೆ ಉತ್ತರ ಇದು: ಪೂರೈಕೆ 700 ಎಂದು ಗಟ್ಟಿಯಾಗಿ ಹಿಡಿದ ಮೇಲೆ ನಿಲ್ಲಿಸಲಾಗದು. ಶೇ. 8 ಬೇಕಿದ್ದರೆ ಯಾರಾದರೂ ಹಣವನ್ನು 400ಕ್ಕೆ ಇಳಿಸಬೇಕು. ಅದು ಕೇಂದ್ರ ಬ್ಯಾಂಕಿನ ಕೆಲಸ. ತರಗತಿಯಲ್ಲಿ ಚಿತ್ರದ ಪಕ್ಕದಲ್ಲೇ ಬಾಂಡಿನ ಬೆಲೆಯ ಒಂದು ಕಾಲಂ ಬರೆಯಿರಿ. ಗೆರೆಗಳು ಕೂಡುವ ಬಿಂದುವಿಗಿಂತ ಆ ಕಾಲಂ ಹೆಚ್ಚು ಹೇಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿದ್ದವನು ನಾನು. ರಿಸರ್ವ್ ಬ್ಯಾಂಕ್ ಹಣದ ಮೊತ್ತವನ್ನು ಕಟ್ಟಿಟ್ಟು ಬಡ್ಡಿಯನ್ನು ಮಾರುಕಟ್ಟೆಗೆ ಬಿಡುವುದನ್ನು ಈಚೆಗೆ ನೋಡಿಲ್ಲ. ರೆಪೊ ದರ ಇಷ್ಟು ಎಂದು ಅದೇ ಘೋಷಿಸುತ್ತದೆ. ಹೀಗಿರುವಾಗ ಮೊಮ್ಮಗಳ ಪುಸ್ತಕದಲ್ಲಿ M ಸ್ಥಿರ ಎಂದು ಕಲಿಸುವುದು ಸರಿಯೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಉತ್ತರ: ನೀವು ಕಂಡದ್ದು ಸರಿ. ಆದರೂ ಸಮೀಕರಣ ಕೆಲಸಕ್ಕೆ ಬರುತ್ತದೆ, ಅದನ್ನು ಹಿಂದಿನಿಂದ ಓದಬೇಕು ಅಷ್ಟೇ. M, i ಎರಡರಲ್ಲಿ ಒಂದನ್ನು ಕೇಂದ್ರ ಬ್ಯಾಂಕ್ ಹಿಡಿದರೆ ಇನ್ನೊಂದು ತಾನಾಗಿ ನಿರ್ಧಾರವಾಗುತ್ತದೆ. ಎರಡನ್ನೂ ತನಗೆ ಬೇಕಾದಂತೆ ಹಿಡಿಯಲು ಆಗುವುದಿಲ್ಲ.

ಅದೇ ಲೆಕ್ಕದಲ್ಲಿ ಆದಾಯ 2400ರಿಂದ 2600ಕ್ಕೆ ಏರಿತು ಎನ್ನಿ. ವ್ಯಾಪಾರ ಹೆಚ್ಚಾಗಿದೆ, ವಹಿವಾಟಿಗೆ ಹೆಚ್ಚು ಹಣ ಬೇಕು. M ಅನ್ನು 840ರಲ್ಲೇ ಹಿಡಿದರೆ 1300 − 100i = 700, ಬಡ್ಡಿ ಶೇ. 6ಕ್ಕೆ ಏರುತ್ತದೆ. ಬಡ್ಡಿಯನ್ನು ಶೇ. 5ರಲ್ಲೇ ಹಿಡಿಯಬೇಕೆಂದರೆ ನೈಜ ಹಣ 1300 − 500 = 800 ಇರಬೇಕು. ಅದನ್ನು ಬೆಲೆ ಮಟ್ಟ 1.2ರಿಂದ ಗುಣಿಸಿದರೆ M = 960. ಅಂದರೆ ವ್ಯವಸ್ಥೆಗೆ 120 ಹೊಸ ಹಣ ಬರಲು ಬಿಡಬೇಕು. ಮೊಮ್ಮಗಳು ಮಾಡುವುದು ಮೊದಲನೆಯ ಲೆಕ್ಕ. ನೀವು ಸೇವೆಯಲ್ಲಿದ್ದಾಗ ಕೊನೆಕೊನೆಗೆ ನಡೆಯುತ್ತಿದ್ದುದು ಎರಡನೆಯದು.

ಕೊನೆಕೊನೆಗೆ ಎಂದೆ, ಏಕೆಂದರೆ ನಮ್ಮಲ್ಲೂ ಮೊದಲಿನಿಂದ ಹೀಗಿರಲಿಲ್ಲ. 1985ರಲ್ಲಿ ಸುಖಮಯ್ ಚಕ್ರವರ್ತಿ ಸಮಿತಿ ವರದಿ ಕೊಟ್ಟ ಮೇಲೆ ರಿಸರ್ವ್ ಬ್ಯಾಂಕ್ ಹಣದ ಬೆಳವಣಿಗೆಗೇ ಗುರಿ ಇಟ್ಟುಕೊಂಡಿತ್ತು. 1998ರಲ್ಲಿ ಆ ಪದ್ಧತಿಯಿಂದ ಸರಿದು ಹಲವು ಸೂಚಕಗಳನ್ನು ನೋಡತೊಡಗಿತು. 2016ರಿಂದ ಆರು ಸದಸ್ಯರ ಹಣಕಾಸು ನೀತಿ ಸಮಿತಿ ರೆಪೊ ದರ ನಿರ್ಧರಿಸುತ್ತಿದೆ.

ಮೊತ್ತವನ್ನು ಹಿಡಿದು ಬಡ್ಡಿಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಸಾಕ್ಷಿ ಇದೆ. ಹಣದುಬ್ಬರ ಕೈಮೀರಿದಾಗ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಪಾಲ್ ವೋಲ್ಕರ್ 1979ರ ಅಕ್ಟೋಬರ್‌ನಲ್ಲಿ ಬ್ಯಾಂಕುಗಳ ಮೀಸಲು ಹಣದ ಮೊತ್ತಕ್ಕೆ ಗುರಿ ಇಟ್ಟು, ಬಡ್ಡಿ ಎತ್ತ ಬೇಕಾದರೂ ಹೋಗಲಿ ಎಂದು ಬಿಟ್ಟರು. ಬ್ಯಾಂಕುಗಳು ತಮ್ಮೊಳಗೆ ರಾತ್ರಿ ಸಾಲಕ್ಕೆ ಕೊಡುವ ದರ 1980–81ರಲ್ಲಿ ಶೇ. 20ರ ಸುತ್ತ ಮುಟ್ಟಿತು, ನಡುವೆ ಅರ್ಧಕ್ಕೂ ಕೆಳಗೆ ಬಿದ್ದು ಮತ್ತೆ ಎದ್ದಿತು. 1982ರಲ್ಲಿ ಆ ವಿಧಾನವನ್ನು ಕೈಬಿಟ್ಟರು. ಹಣದ ಬೇಡಿಕೆ ಪುಸ್ತಕದ ಗೆರೆಯಂತೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಗೆರೆ ಅತ್ತಿತ್ತ ಸರಿಯುವಾಗ M ಸ್ಥಿರವಾಗಿದ್ದರೆ ಅಲುಗಾಟವೆಲ್ಲ ಬಡ್ಡಿಯ ಮೇಲೆ ಬೀಳುತ್ತದೆ. ಕೇಂದ್ರ ಬ್ಯಾಂಕುಗಳು ದರವನ್ನೇ ಹಿಡಿಯಲು ಇದು ಮುಖ್ಯ ಕಾರಣ.

ಮೊಮ್ಮಗಳು M ಸ್ಥಿರ ಎಂದೇ ಮೊದಲು ಕಲಿಯಲಿ ಬಿಡಿ. ನಂತರ ಅದೇ ಸಮೀಕರಣದಲ್ಲಿ i ಕೊಟ್ಟು M ಕೇಳಿ. ಅವಳಿಗೆ ಎರಡೂ ಒಂದೇ ಲೆಕ್ಕ ಎಂದು ತಿಳಿಯುತ್ತದೆ.

ಪ್ರಶ್ನೆ: ಅದೇ ಮಾದರಿಯ ಲೆಕ್ಕದಲ್ಲಿ M = 1560 ಎಂದು ಕೊಟ್ಟಿದ್ದರು. 1560 ÷ 1.2 = 1300. 1200 − 100i = 1300, ಆದ್ದರಿಂದ i = −1. ಬಡ್ಡಿ ಋಣಾತ್ಮಕ ಎಂದು ಬರೆಯಬಹುದೇ?
— ಎಂ.ಎ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಬೀಜಗಣಿತ ಸರಿ, ಉತ್ತರ ಸರಿಯಲ್ಲ. ಬಡ್ಡಿ ಶೇ. −1 ಎಂದರೆ ವರ್ಷದ ನಂತರ ₹100 ಕೊಡುವ ಬಾಂಡಿಗೆ ಇಂದು ₹101.01 ಕೊಡುವುದು. ನೋಟು ಪೆಟ್ಟಿಗೆಯಲ್ಲಿದ್ದರೆ ₹101.01 ಹಾಗೇ ಉಳಿಯುತ್ತದೆ. ಹಾಗಿರುವಾಗ ಬಾಂಡ್ ಯಾರು ಕೊಳ್ಳುತ್ತಾರೆ? ಸರಳರೇಖೆಯ ಸಮೀಕರಣಕ್ಕೆ ಇದು ತಿಳಿಯದು, ಅದು ಸೊನ್ನೆಯ ಕೆಳಗೂ ಗೆರೆ ಎಳೆಯುತ್ತಲೇ ಹೋಗುತ್ತದೆ. ಲೆಕ್ಕ ಮಾಡುವ ನೀವೇ ಅದನ್ನು i = 0 ಇರುವಲ್ಲಿ ಕಡಿಯಬೇಕು. ಅಲ್ಲಿಂದಾಚೆ ಬೇಡಿಕೆಯ ಗೆರೆ ಅಡ್ಡಕ್ಕೆ ಮಲಗುತ್ತದೆ.

ಆದ್ದರಿಂದ ಉತ್ತರ i = 0. ವಹಿವಾಟಿಗೆ ಬೇಕಾದ 1200 ಮುಗಿದ ಮೇಲೆ ಉಳಿದ 100 ಸುಮ್ಮನೆ ಕೂರುತ್ತದೆ, ಏಕೆಂದರೆ ₹100 ಕೊಟ್ಟು ₹100 ಪಡೆಯುವ ಬಾಂಡಿಗೂ ಹಣಕ್ಕೂ ವ್ಯತ್ಯಾಸವೇ ಇಲ್ಲ. M ಅನ್ನು 1560ರಿಂದ 2000ಕ್ಕೆ ಏರಿಸಿದರೂ ಉತ್ತರ ಬದಲಾಗದು. ಪುಸ್ತಕಗಳು ಇದನ್ನು ದ್ರವ್ಯತೆಯ ಬಲೆ ಎನ್ನುತ್ತವೆ. 1999ರಲ್ಲಿ ಬ್ಯಾಂಕ್ ಆಫ್ ಜಪಾನ್ ಅಲ್ಪಾವಧಿ ಬಡ್ಡಿಯನ್ನು ಹೆಚ್ಚುಕಡಿಮೆ ಸೊನ್ನೆಗೆ ತಂದಾಗ ಎದುರಾದ ತೊಡಕು ಇದೇ.

ಒಂದು ಸಣ್ಣ ತಿದ್ದುಪಡಿ ಇದೆ. 2014ರ ಜೂನ್‌ನಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ತನ್ನಲ್ಲಿ ಬ್ಯಾಂಕುಗಳು ಇಡುವ ಠೇವಣಿಯ ದರವನ್ನು ಶೇ. −0.1ಕ್ಕೆ ಇಳಿಸಿತು. ಕೋಟಿಗಟ್ಟಲೆ ನೋಟುಗಳನ್ನು ಕಾಯಲು, ಸಾಗಿಸಲು, ವಿಮೆ ಮಾಡಿಸಲು ಖರ್ಚಿದೆ. ಆ ಖರ್ಚಿನಷ್ಟು ಮಟ್ಟಿಗೆ ದರ ಸೊನ್ನೆಯಿಂದ ಸ್ವಲ್ಪ ಕೆಳಗಿಳಿಯಬಹುದು. ನಿಮ್ಮ ಲೆಕ್ಕದಲ್ಲಿ ಅಂಥ ಖರ್ಚನ್ನು ಕೊಟ್ಟಿಲ್ಲ. ಹಾಗಾಗಿ i = 0 ಎಂದು ಬರೆದು, −1 ಅನ್ನು ಏಕೆ ತಳ್ಳಿಹಾಕಿದಿರಿ ಎಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿ.