ಬಸುರಿಗೆ ಆಡುಸೋಗೆ ಕಷಾಯ ಬೇಡ

ನಿನಗೆ ಕೆಮ್ಮು ಹತ್ತಿಕೊಂಡಿದೆ, ಬೇಲಿಯ ಆಡುಸೋಗೆ ಕಿತ್ತು ಕಷಾಯ ಕಾಸಿ ಕೊಡಲೇ ಎಂದು ಹೊಸದುರ್ಗದಿಂದ ನಿಮ್ಮತ್ತೆ ಫೋನು ಮಾಡಿದ್ದರು. ಬೇಡ ಎಂದೆ. ಏಕೆಂದು ನಿನಗೂ ತಿಳಿದಿರಲಿ, ಮಗಳೇ. ಐದು ತಿಂಗಳ ಬಸುರಿ ನೀನು.

ನಮ್ಮ ಸೀಮೆಯಲ್ಲಿ ಆಡುಸೋಗೆಯನ್ನು ಆಡು ಕುರಿ ಬಾಯಿ ಹಾಕುವುದಿಲ್ಲವೆಂದೇ ಬೇಲಿಗೆ ನೆಡುತ್ತಾರೆ. ಕೆಮ್ಮಿಗೆ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಅದರ ಕಹಿಯಲ್ಲಿರುವ ವಾಸಿಸಿನ್ ಎಂಬ ಸತ್ವ ಉಸಿರುನಾಳವನ್ನು ಸಡಿಲಿಸುತ್ತದೆ. ಅದೇ ಸತ್ವ ಗರ್ಭಕೋಶವನ್ನು ಮಾತ್ರ ಹಿಂಡುತ್ತದೆ. ಎಲೆಯಿಂದ ಎಲೆಗೆ ಸತ್ವ ಹೆಚ್ಚುಕಡಿಮೆ ಇರುತ್ತದೆ, ಆದ್ದರಿಂದ ಎರಡೇ ಎಲೆ ಹಾಕಿದರಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯದು. ಅಂಗಡಿಯ ಆಯುರ್ವೇದ ಕೆಮ್ಮಿನ ಸಿರಪ್ಪಿನ ಮೇಲೆ ‘ವಾಸಾ’ ಎಂದಿದ್ದರೆ ಅದೂ ಇದೇ ಗಿಡ. ವೈದ್ಯರನ್ನು ಕೇಳದೆ ಕುಡಿಯಬೇಡ.

ಬದಲಿಗೆ ಅರ್ಧ ಇಂಚು ಹಸಿ ಶುಂಠಿ ಜಜ್ಜಿ, ಎರಡು ಮೆಣಸುಕಾಳು ಹಾಕಿ, ಒಂದು ಲೋಟ ನೀರಲ್ಲಿ ಐದು ನಿಮಿಷ ಕುದಿಸು. ಚೂರು ಬೆಲ್ಲ ಸಾಕು, ಸಕ್ಕರೆ ಕಾಯಿಲೆ ಕಂಡಿದ್ದರೆ ಅದೂ ಬೇಡ. ದಿನಕ್ಕೆ ಒಂದೆರಡು ಲೋಟ ಮೀರಬೇಡ. ಬೆಳಗಿನ ವಾಕರಿಕೆಗೂ ಶುಂಠಿ ಆಗುತ್ತದೆ. ಎದೆಯುರಿ ಬಂದರೆ ಶುಂಠಿ ಬಿಟ್ಟು, ಜೀರಿಗೆ ಕುದಿಸಿದ ನೀರು ಕುಡಿ. ಕೆಮ್ಮು ಎರಡು ವಾರ ದಾಟಿದರೆ ಕಷಾಯದಲ್ಲಿ ಕಾಲ ಕಳೆಯದೆ ಕಫ ಪರೀಕ್ಷೆ ಮಾಡಿಸು. ಯಾರಾದರೂ ಆಡುಸೋಗೆ ಕುಡಿಸಿಬಿಟ್ಟಿದ್ದು, ಹೊಟ್ಟೆ ಬಿಗಿಹಿಡಿದು ಸಡಿಲಾಗುವುದು ಕಂಡರೆ, ಒಂದು ಹನಿ ರಕ್ತ ಕಂಡರೂ, ತಡಮಾಡದೆ ಆಸ್ಪತ್ರೆಗೆ ಹೋಗು. ಏನು ಕುಡಿದೆ ಎಂಬುದನ್ನು ಮುಚ್ಚಿಡಬೇಡ.

ಮೆಂತ್ಯದ ಮಾತು ಬೇರೆ. ಒಗ್ಗರಣೆಯ ನಾಲ್ಕು ಕಾಳು, ಮೆಂತ್ಯ ಸೊಪ್ಪಿನ ಪಲ್ಯ ಊಟದ ಪಾಲು, ಅದಕ್ಕೆ ಹೆದರಬೇಕಿಲ್ಲ. ಚಮಚಗಟ್ಟಲೆ ಕಾಳು ಕುದಿಸಿ ನಿತ್ಯ ಕುಡಿಯುವುದು ಮಾತ್ರ ಬಸುರಿನಲ್ಲಿ ಬೇಡ. ಹೆರಿಗೆಯಾದ ಮೇಲೆ ಹಾಲು ಹೆಚ್ಚಲೆಂದು ಅದನ್ನೇ ಕೊಡುವ ರೂಢಿ ಇದೆಯಲ್ಲ, ಆಗಲೂ ಹದ ನೋಡಿಕೋ. ತಾಯಿಗೆ ರಕ್ತದ ಸಕ್ಕರೆ ಇಳಿದು ಕೈ ನಡುಗಬಹುದು, ಕೂಸಿಗೆ ಭೇದಿಯಾಗಬಹುದು. ಹಾಗಾದರೆ ನಿಲ್ಲಿಸಿಬಿಡು. ಶೇಂಗಾ ತಿಂದರೆ ಮೈ ದದ್ದೇಳುವವರಿಗೆ ಮೆಂತ್ಯವೂ ಒಗ್ಗದಿರಬಹುದು. ಸಬ್ಬಸಿಗೆ ಸೊಪ್ಪನ್ನು ಸಾರಿಗೆ ಹಾಕಿ ಧಾರಾಳವಾಗಿ ಉಣ್ಣು. ಹಾಲು ಹೆಚ್ಚುವುದಾದರೂ ಮುಖ್ಯವಾಗಿ ಕೂಸು ಪದೇ ಪದೇ ಚೀಪುವುದರಿಂದ.

ಇನ್ನೊಂದು ಮಾತು. ಆಶಾ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡದು. ನಡುವೆ ಒಂದೆರಡು ಗಂಟೆ ಬಿಡು. ಕೂಸು ಹುಟ್ಟಿದ ಮೇಲೆ ಆರು ತಿಂಗಳು ತುಂಬುವವರೆಗೆ ಅದಕ್ಕೆ ಓಂಕಾಳಿನ ನೀರಾಗಲಿ, ಸೋಂಪಿನ ನೀರಾಗಲಿ ಯಾರು ಹಾಕಲು ಬಂದರೂ ಬೇಡವೆನ್ನು.