ಬ್ರಾಕೆಟ್ ವೆಲ್ಡ್ ಬಿಡದಿರಲು ಆರು ಸೂತ್ರ

ಮೂಡಲಪಾಳ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ ಅಂದುಕೊಳ್ಳಿ. ಕಂಬದ ಮೇಲೆ ಚೈನ್ ಬ್ಲಾಕ್ ತೂಗುಹಾಕಲು 10 ಮಿ.ಮೀ. ದಪ್ಪ, 200 ಮಿ.ಮೀ. ಎತ್ತರದ ಪ್ಲೇಟ್ ಕೂರಿಸಬೇಕು. ಪ್ಲೇಟ್ ಕಂಬದ ಮೇಲೆ 100 ಮಿ.ಮೀ. ಕೂರುತ್ತದೆ. ಮೇಲೆ, ಕೆಳಗೆ, ಹಿಂದೆ, ಹೀಗೆ ಮೂರು ಕಡೆ ಫಿಲೆಟ್ ವೆಲ್ಡ್. ಭಾರ, ಬ್ಲಾಕ್‌ನ ತೂಕ, ಎಳೆತದ ಜರ್ಕ್ ಎಲ್ಲ ಸೇರಿ 20 ಕಿಲೋನ್ಯೂಟನ್, ಅಂದರೆ ಸುಮಾರು 2 ಟನ್. ಕೊಕ್ಕೆ ಕಂಬದ ಅಂಚಿನಿಂದ 300 ಮಿ.ಮೀ. ದೂರದಲ್ಲಿದೆ.

1. ದೂರವನ್ನು ಕಂಬದ ಅಂಚಿನಿಂದ ಅಳೆಯಬೇಡಿ.
ಭಾರ ತಿರುಗಿಸುವುದು ವೆಲ್ಡ್ ಗುಂಪಿನ ಕೇಂದ್ರದ ಸುತ್ತ. ಮೂರು ಗೆರೆಗಳ ಒಟ್ಟು ಉದ್ದ 400 ಮಿ.ಮೀ. ಕೇಂದ್ರ ಹಿಂದಿನ ಗೆರೆಯಿಂದ 25, ಕಂಬದ ಅಂಚಿನಿಂದ 75 ಮಿ.ಮೀ. ಒಳಗೆ ಬರುತ್ತದೆ. ಹಾಗಾಗಿ ನಿಜವಾದ ದೂರ 375. ಟೇಪ್ ಹಿಡಿದವರು 300 ಎಂದೇ ಬರೆದುಬಿಟ್ಟರೆ ಮೂಲೆಯ ಒತ್ತಡ ಶೇ. 18ರಷ್ಟು ಕಡಿಮೆ ತೋರುತ್ತದೆ. ನಾನು ಕಂಡ ತಪ್ಪುಗಳಲ್ಲಿ ಇದೇ ಹೆಚ್ಚು.

2. ವೆಲ್ಡನ್ನು ಗೆರೆಯಾಗಿ ನೋಡಿ, ದಪ್ಪ ಆಮೇಲೆ ಹುಡುಕಿ.
ದಪ್ಪ ಗೊತ್ತಿಲ್ಲದಾಗ 1 ಮಿ.ಮೀ. ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಕೆಲಸ ಹಗುರ.

```
Ix = 200³/12 + 2×100×100²           = 26.67 ಲಕ್ಷ
Iy = 2×(100³/12 + 100×25²) + 200×25² =  4.17 ಲಕ್ಷ
J  = Ix + Iy                         = 30.83 ಲಕ್ಷ mm³
M  = 20000 × 375                     = 75 ಲಕ್ಷ N·mm
```

3. ಕೆಟ್ಟ ಮೂಲೆಯನ್ನು ಹುಡುಕಿ, ಅಲ್ಲೇ ನಿಲ್ಲಿ.
ಅದು ಮೇಲಿನ ಮತ್ತು ಕೆಳಗಿನ ಗೆರೆಗಳು ಕಂಬದ ಅಂಚಿಗೆ ಮುಗಿಯುವ ಜಾಗ. ಕೇಂದ್ರದಿಂದ ಅಡ್ಡ 75, ಲಂಬ 100. ನೇರ ಭಾರ ಪ್ರತಿ ಮಿ.ಮೀ.ಗೆ 50 ನ್ಯೂಟನ್ ಕೆಳಕ್ಕೆ. ತಿರುಚುವಿಕೆಯಿಂದ ಇನ್ನೂ 182 ಕೆಳಕ್ಕೇ, ಜೊತೆಗೆ 243 ಅಡ್ಡಕ್ಕೆ. ಕೆಳಮುಖವಾದ ಎರಡನ್ನೂ ಕೂಡಿಸಿ 232. ಅದರ ವರ್ಗಕ್ಕೆ 243ರ ವರ್ಗ ಸೇರಿಸಿ ವರ್ಗಮೂಲ ತೆಗೆದರೆ 336 ನ್ಯೂಟನ್. ನೇರ ಭಾರವನ್ನಷ್ಟೇ ನೋಡಿದ್ದರೆ 50 ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಹಿಂದಿನ ಗೆರೆಯ ಮೂಲೆಗಳಲ್ಲಿ ತಿರುಚುವಿಕೆ ಮೇಲಕ್ಕೆ ಎತ್ತುವುದರಿಂದ ಅಲ್ಲಿ ಒತ್ತಡ ಇಷ್ಟಿಲ್ಲ.

4. ಈಗ ಥ್ರೋಟ್, ಆಮೇಲೆ ಸೈಜ್.
IS 800:2007 ಪ್ರಕಾರ ಭಾರಕ್ಕೆ 1.5 ಗುಣಿಸಿದರೆ 505 ನ್ಯೂಟನ್. 410 ಮೆಗಾಪ್ಯಾಸ್ಕಲ್ ಸ್ಟೀಲ್‌ಗೆ ಥ್ರೋಟ್ ತಾಳುವ ಶಿಯರ್ ಒತ್ತಡ ಶಾಪ್ ವೆಲ್ಡ್‌ಗೆ 189, ಸೈಟ್ ವೆಲ್ಡ್‌ಗೆ 158. ಸೈಟ್‌ನಲ್ಲೇ ಹಾಕುವುದಾದರೆ ಬೇಕಾದ ಥ್ರೋಟ್ 505 ÷ 158 = 3.2 ಮಿ.ಮೀ. ಅದನ್ನು 0.7ರಿಂದ ಭಾಗಿಸಿದರೆ 4.6. ಆದ್ದರಿಂದ 5 ಮಿ.ಮೀ. ಫಿಲೆಟ್. ಶಾಪ್‌ನಲ್ಲಾದರೆ 4 ಸಾಕಾಗುತ್ತಿತ್ತು. ಆದರೆ ಕಂಬದ ಫ್ಲ್ಯಾಂಜ್ 12 ಮಿ.ಮೀ. ಇದ್ದರೆ ಕೋಡ್ ಹೇಗೂ ಕನಿಷ್ಠ 5 ಕೇಳುತ್ತದೆ. ದಪ್ಪ ಲೋಹ ಶಾಖವನ್ನು ಬೇಗ ಎಳೆದುಕೊಂಡು ಸಣ್ಣ ವೆಲ್ಡನ್ನು ಒಡೆಯುವಂತೆ ಮಾಡುತ್ತದೆ, ಅದಕ್ಕೇ ಈ ನಿಯಮ.

5. ಸಾಲದಿದ್ದರೆ ಪ್ಲೇಟನ್ನು ಎತ್ತರಿಸಿ.
ಕಂಬದ ಮೇಲೆ ಕೂರುವ ಭಾಗವನ್ನು 100ರಿಂದ 150ಕ್ಕೆ ಏರಿಸಿದರೆ ವೆಲ್ಡ್ 100 ಮಿ.ಮೀ. ಹೆಚ್ಚುತ್ತದೆ, ಮೂಲೆಯ ಒತ್ತಡ 336ರಿಂದ 270ಕ್ಕೆ ಇಳಿಯುತ್ತದೆ. ಅದರ ಬದಲು ಎತ್ತರವನ್ನು 250 ಮಾಡಿದರೆ 50 ಮಿ.ಮೀ. ವೆಲ್ಡಿಗೇ 255ಕ್ಕೆ ಇಳಿಯುತ್ತದೆ. ಪ್ಲೇಟ್ ಒಳಕ್ಕೆ ಸರಿದಂತೆ ಕೇಂದ್ರವೂ ಒಳಕ್ಕೆ ಸರಿದು ದೂರ ಬೆಳೆಯುವುದೇ ಇದಕ್ಕೆ ಕಾರಣ.

6. ಲೆಕ್ಕದ ವೆಲ್ಡ್ ಕಂಬದ ಮೇಲೂ ಇರಲಿ.
ಕೆಟ್ಟ ಮೂಲೆಯಲ್ಲೇ ವೆಲ್ಡರ್ ಆರ್ಕ್ ಹೊಡೆಯುತ್ತಾನೆ, ಅಲ್ಲೇ ನಿಲ್ಲಿಸುತ್ತಾನೆ. ಹೊಡೆದ ಕಡೆ ಲೋಹ ಸರಿಯಾಗಿ ಬೆಸೆಯದು, ನಿಲ್ಲಿಸಿದ ಕಡೆ ಗುಳಿ ಬೀಳುತ್ತದೆ. ಆರ್ಕನ್ನು ತುಸು ಒಳಗೆ ಹೊಡೆದು, ತುದಿಗೆ ಹಿಂದೆ ಸರಿದು, ಆಮೇಲೆ ಮುಂದೆ ಸಾಗಲು ಹೇಳಿ. ರನ್ ಮುಗಿಯುವುದು ಹಿಂದಿನ ಗೆರೆಯ ನಡುವೆ ಇರಲಿ, ಅಲ್ಲಿನ ಗುಳಿ ತುಂಬಲಿ. ಪ್ಲೇಟ್ 110 ಮಿ.ಮೀ. ಕೂರಲಿ, ಆಗ 100 ಮಿ.ಮೀ. ಪೂರ್ತಿ ಗಾತ್ರದ್ದು ಸಿಗುತ್ತದೆ.

ಗೇಜ್ ಹಿಡಿಯುವಾಗ ಕಾಲಿನ ಅಳತೆಯೊಂದೇ ಸಾಲದು. ಮುಖ ಒಳಕ್ಕೆ ತಗ್ಗಿದ ವೆಲ್ಡ್‌ನಲ್ಲಿ ಕಾಲು 5 ಇದ್ದರೂ ಥ್ರೋಟ್ 3.5 ಬಾರದು. ಪ್ಲೇಟ್ ಮತ್ತು ಕಂಬದ ನಡುವೆ 2 ಮಿ.ಮೀ. ಸಂದಿ ಇದ್ದರೆ ಕಾಲಿಗೆ ಅಷ್ಟನ್ನೂ ಸೇರಿಸಿ. ಭಾರ ಏರಿಸಿ ಇಳಿಸಿದ ಮೇಲೆ ಕಂಬದ ಅಂಚಿನ ಎರಡು ಕೆಟ್ಟ ಮೂಲೆಗಳಿಗೆ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಕೂದಲೆಳೆಯಂಥ ಕೆಂಪು ಗೆರೆ ಕಂಡರೆ ಮೇಲೆ ಇನ್ನೊಂದು ರನ್ ಬಳಿಯಬೇಡಿ. ಗ್ರೈಂಡರ್‌ನಿಂದ ಬಿರುಕಿನ ಬುಡದವರೆಗೆ ಕೊರೆದು, ಮತ್ತೆ ಡೈ ಹಚ್ಚಿ ನೋಡಿ, ಆಮೇಲೆ ತುಂಬಿ.